ಎರಡೆರಡು ಕಾಣುತ್ತಿದೆಯೇ? ಮೊದಲು ಅಂಗೈ, ಆಮೇಲೆ ಕನ್ನಡಕದಂಗಡಿ

ಇದ್ದದ್ದು ಒಂದೇ, ಕಾಣುವುದು ಎರಡು ಎಂದಾದಾಗ ಬಹುತೇಕರು ಮೊದಲು ಕನ್ನಡಕ ಒರೆಸಿಕೊಳ್ಳುತ್ತಾರೆ. ಅದರಿಂದ ಸರಿಹೋಗದಿದ್ದರೆ ಕನ್ನಡಕದಂಗಡಿಗೆ ಹೋಗಿ ನಂಬರ್ ನೋಡಿಸುತ್ತಾರೆ. ಅಲ್ಲಿ ಒಂದು ಕಣ್ಣು ಮುಚ್ಚಿ ಅಕ್ಷರ ಓದಿಸುತ್ತಾರೆ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಓದಿಸುತ್ತಾರೆ. ಎರಡೂ ಸಲ ಕೊನೆಯ ಸಾಲಿನವರೆಗೆ ಸಲೀಸಾಗಿ ಓದಿದವರಿಗೆ ‘ಕಣ್ಣು ಚೆನ್ನಾಗಿದೆ’ ಎಂಬ ಮಾತು ಸಿಗುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಎರಡೂ ಕಣ್ಣು ಒಟ್ಟಿಗೆ ತೆರೆದಿದ್ದಾಗ ಮಾತ್ರ ಬರುವ ತೊಂದರೆ, ಒಂದೊಂದೇ ಕಣ್ಣನ್ನು ಪರೀಕ್ಷಿಸಿದರೆ ಸಿಗುವುದಾದರೂ ಹೇಗೆ? ಆ ಬೋರ್ಡು ತೋರಿಸುವುದು ಪ್ರತಿ ಕಣ್ಣಿನ ದೃಷ್ಟಿಯನ್ನು. ಎರಡು ಕಣ್ಣುಗಳೂ ಒಂದೇ ಕಡೆ ನೆಟ್ಟಿವೆಯೇ ಎಂಬುದನ್ನಲ್ಲ. ಕಣ್ಣನ್ನು ತಿರುಗಿಸುವ ಸ್ನಾಯುವಿನಲ್ಲೋ ಅದಕ್ಕೆ ಮಿದುಳಿನಿಂದ ಬರುವ ನರದಲ್ಲೋ ದೋಷವಿದ್ದವರು ಹೊಸ ಕನ್ನಡಕ ಹಾಕಿಕೊಂಡು ವಾರಗಟ್ಟಲೆ ಕಳೆದುಬಿಡುವುದು ಹೀಗೆ. ದೋಷ ಒಂದು ಕಣ್ಣಿನೊಳಗೋ, ಎರಡು ಕಣ್ಣುಗಳ ಹೊಂದಾಣಿಕೆಯಲ್ಲೋ ಎಂಬ ಈ ಎರಡು ಬಗೆಯನ್ನು ಬೇರ್ಪಡಿಸಲು ಯಂತ್ರ ಬೇಡ, ಅಂಗೈ ಸಾಕು.

ನಿತ್ಯ ಹಾಕುವ ಕನ್ನಡಕ ಹಾಕಿಕೊಂಡೇ ಕುಳಿತು, ಹತ್ತು ಹದಿನೈದು ಅಡಿ ದೂರದ ಒಂದು ಒಂಟಿ ವಸ್ತುವನ್ನು ನೋಡಿ. ಗೋಡೆಯ ಗಡಿಯಾರ ಆಗಬಹುದು, ಕಿಟಕಿಯಾಚೆಯ ಬೀದಿದೀಪ ಆಗಬಹುದು. ಎರಡು ಕಾಣುತ್ತಿದೆ ಎಂದು ಖಚಿತ ಮಾಡಿಕೊಂಡ ಮೇಲೆ ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ ಬಲಗಣ್ಣನ್ನು ಪೂರ್ತಿ ಮರೆಮಾಡಿ. ಗುಡ್ಡೆಯನ್ನು ಒತ್ತಬೇಡಿ. ಒತ್ತಿದರೆ ಕೈ ತೆಗೆದ ಮೇಲೂ ಒಂದಷ್ಟು ಹೊತ್ತು ಮಸುಕಾಗಿ, ಮುಂದಿನ ಪರೀಕ್ಷೆ ಕೆಡುತ್ತದೆ. ಬೆರಳಿನಿಂದಲೂ ಮುಚ್ಚಬೇಡಿ, ಸಂದಿಯಿಂದ ಇಣುಕುವುದು ನಮಗೇ ತಿಳಿಯುವುದಿಲ್ಲ. ತೆರೆದಿರುವ ಕಣ್ಣನ್ನು ಕಿರಿದು ಮಾಡದೆ ನಿಧಾನವಾಗಿ ಐದು ಎಣಿಸುವಷ್ಟು ಹೊತ್ತು ನೋಡಿ. ಈಗ ಒಂದೋ, ಎರಡೋ? ಕೈ ತೆಗೆದು, ಎಡಗಣ್ಣನ್ನೂ ಹಾಗೆಯೇ ಮುಚ್ಚಿ ನೋಡಿ.

ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಕಣ್ಣು ಮುಚ್ಚಿದ ಕೂಡಲೇ ಎರಡು ಹೋಗಿ ಒಂದಾಯಿತು ಎಂದರೆ ಪರೀಕ್ಷೆ ಮುಗಿಯಿತೆಂದು ಎದ್ದುಬಿಡುತ್ತಾರೆ, ‘ಮುಚ್ಚಿದ್ದೇ ಕೆಟ್ಟ ಕಣ್ಣು’ ಎಂದು ತೀರ್ಮಾನಿಸುತ್ತಾರೆ. ಬಲಗಣ್ಣು ಮುಚ್ಚಿದಾಗ ಒಂದಾಗುವುದು ಎರಡೂ ಬಗೆಯಲ್ಲಿ ಸಾಧ್ಯ. ಬಲಗಣ್ಣಿನೊಳಗೇ ದೋಷವಿದ್ದರೆ ಅದನ್ನು ಮುಚ್ಚಿದಾಗ ದೋಷವೂ ಮರೆಯಾಗುತ್ತದೆ. ಎರಡು ಕಣ್ಣುಗಳ ಹೊಂದಾಣಿಕೆ ತಪ್ಪಿದ್ದರೆ, ಯಾವುದನ್ನು ಮುಚ್ಚಿದರೂ ಒಂದೇ ಚಿತ್ರ ಉಳಿಯುತ್ತದೆ. ವ್ಯತ್ಯಾಸ ತಿಳಿಯುವುದು ಎರಡನೆಯ ಸಲ ಮುಚ್ಚಿದಾಗ ಮಾತ್ರ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದಾಗ ಆ ಕಣ್ಣೊಂದಕ್ಕೇ ಎರಡು ಕಂಡರೆ ದೋಷ ಬಲಗಣ್ಣಿನೊಳಗಿದೆ. ಆಗಲೂ ಒಂದೇ ಕಂಡರೆ ಇದು ಜೋಡಿಗಣ್ಣಿನ ತೊಂದರೆ. ಯಾವ ಕಣ್ಣು ಮುಚ್ಚಿದರೂ ಎರಡು ಉಳಿದರೆ, ಸಾಮಾನ್ಯವಾಗಿ ಎರಡೂ ಕಣ್ಣಿನೊಳಗೆ ದೋಷವಿದೆ ಎಂದರ್ಥ. ಎರಡರಲ್ಲೂ ಪೊರೆ ಬಂದಿರುವ ವಯಸ್ಸಾದವರಲ್ಲಿ ಇದು ಅಪರೂಪವೇನಲ್ಲ.

ಒಂಟಿಗಣ್ಣಿನ ಬಗೆಯಲ್ಲಿ ಎರಡನೆಯ ಚಿತ್ರ ಸಾಮಾನ್ಯವಾಗಿ ಮೊದಲಿನದಕ್ಕೆ ಅಂಟಿಕೊಂಡ ನೆರಳಿನಂತೆ ಮಂಕಾಗಿರುತ್ತದೆ. ಇದಕ್ಕೂ ಒಂದು ಮನೆಪರೀಕ್ಷೆ ಉಂಟು. ದಪ್ಪ ಕಾಗದಕ್ಕೆ ಗುಂಡುಸೂಜಿಯಿಂದ ಸುಮಾರು 1 ಮಿಲಿಮೀಟರ್ ತೂತು ಮಾಡಿ, ಆ ಕಣ್ಣಿನಿಂದ ಅದರ ಮೂಲಕ ನೋಡಿ. ನೆರಳು ಮಾಯವಾದರೆ ದೋಷವಿರುವುದು ಬೆಳಕು ಒಳಗೆ ಬರುವ ಹಾದಿಯಲ್ಲಿ: ನಂಬರ್ ಬದಲಾಗಿರಬಹುದು, ಕಣ್ಣು ಒಣಗಿರಬಹುದು, ಪೊರೆ ಶುರುವಾಗಿರಬಹುದು. ಕಣ್ಣು ಮಿಟುಕಿಸಿದಾಗಲೆಲ್ಲ ನೆರಳು ಬದಲಾದರೆ ಒಣಗಣ್ಣಿನ ಅನುಮಾನ. ಕಣ್ಣುಜ್ಜುವ ಚಟವಿರುವ ಹದಿಹರೆಯದವರಲ್ಲಿ ಕಾಣಿಸಿಕೊಂಡರೆ ಕಾರ್ನಿಯಾ ಚೂಪಾಗುವ ಕೆರಟೋಕೋನಸ್ ಇದೆಯೇ ಎಂದು ನೋಡಿಸಬೇಕು. ತೂತಿನಿಂದಲೂ ಸರಿಹೋಗದೆ ಗೆರೆಗಳು ಸೊಟ್ಟಗೆ ಕಂಡರೆ ಅಕ್ಷಿಪಟಲದ ಪರೀಕ್ಷೆ ಬೇಕು. ಇವೆಲ್ಲ ಕಣ್ಣಿನ ವೈದ್ಯರಿಗೆ ಸೇರಿದ್ದು. ನೋವು, ಕೆಂಪು, ದಿಢೀರ್ ದೃಷ್ಟಿನಷ್ಟ ಇಲ್ಲದಿದ್ದರೆ ಕೆಲವು ದಿನ ತಡವಾದರೂ ಅನಾಹುತವಿಲ್ಲ.

ಜೋಡಿಗಣ್ಣಿನ ಬಗೆಯನ್ನು ಒಂದು ಉದಾಹರಣೆಯಲ್ಲೇ ನೋಡೋಣ. ಮತ್ತಿಕೆರೆಯ 58 ವರ್ಷದ ಒಬ್ಬರಿಗೆ ಹತ್ತು ವರ್ಷದಿಂದ ಶುಗರ್ ಇದೆ ಎಂದಿಟ್ಟುಕೊಳ್ಳಿ. ಒಂದು ಬೆಳಿಗ್ಗೆ ದೂರದಿಂದ ಬರುವ ಬಸ್ಸು ಅಕ್ಕಪಕ್ಕ ಎರಡಾಗಿ ಕಾಣುತ್ತದೆ. ಯಾವ ಕಣ್ಣು ಮುಚ್ಚಿದರೂ ಒಂದೇ ಬಸ್ಸು. ಕೈಯಲ್ಲಿ ಹಿಡಿದ ಪೇಪರ್ ಒಂದೇ ಆಗಿ ಕಾಣುತ್ತದೆ, ದೂರದ್ದು ಮಾತ್ರ ಎರಡು. ತಲೆ ಅಲ್ಲಾಡಿಸದೆ ಬಲಕ್ಕೆ ದೃಷ್ಟಿ ಹೊರಳಿಸಿದರೆ ಎರಡರ ನಡುವಿನ ಅಂತರ ಹಿಗ್ಗುತ್ತದೆ, ಎಡಕ್ಕೆ ಹೊರಳಿಸಿದರೆ ಕೂಡಿಕೊಳ್ಳುತ್ತದೆ. ಬಲಕ್ಕೆ ನೋಡುತ್ತಿರುವಾಗಲೇ ಬಲಗಣ್ಣು ಮುಚ್ಚಿದರೆ ಹೊರಗಡೆಯ, ಅಂದರೆ ಬಲತುದಿಯ ಬಸ್ಸು ಮಾಯವಾಗುತ್ತದೆ. ಇಷ್ಟು ತಿಳಿದರೆ, ಬಲಗಣ್ಣನ್ನು ಹೊರಕ್ಕೆ ತಿರುಗಿಸುವ ಆರನೆಯ ನರ ಸೋತಿದೆಯೇ ಎಂಬ ಬಲವಾದ ಅನುಮಾನಕ್ಕೆ ಆಧಾರ ಸಿಕ್ಕಂತೆ. ಎರಡು ಚಿತ್ರಗಳು ಪಕ್ಕಪಕ್ಕ ಇರದೆ ಮೇಲೆಕೆಳಗೆ ಇದ್ದು, ಮೆಟ್ಟಿಲಿಳಿಯುವಾಗ ಜಾಸ್ತಿಯಾದರೆ ನಾಲ್ಕನೆಯ ನರದ ಕಡೆ ಗಮನ ಹೋಗುತ್ತದೆ. ಬೆಳಿಗ್ಗೆ ಸರಿಯಿದ್ದು ಸಂಜೆಗೆ ಎರಡಾಗುವುದು, ರೆಪ್ಪೆ ಜೋಲುವುದು ಮಯಸ್ತೀನಿಯಾ ಎಂಬ ಸ್ನಾಯುದೌರ್ಬಲ್ಯದ ರೀತಿ. ವೈದ್ಯರ ಮುಂದೆ ಕೂರುವ ಹೊತ್ತಿಗೆ ಅದು ಸರಿಹೋಗಿರಬಹುದಾದ್ದರಿಂದ ಬೆಳಿಗ್ಗೆ, ಸಂಜೆ ಮೊಬೈಲಿನಲ್ಲಿ ಮುಖದ ಫೋಟೊ ತೆಗೆದಿಟ್ಟುಕೊಳ್ಳಿ.

‘ಶುಗರ್ ಇದ್ದವರಿಗೆ ಇದು ಬರುತ್ತೆ, ಮೂರು ತಿಂಗಳಿಗೆ ತಾನೇ ಹೋಗುತ್ತೆ’ ಎಂದು ಅಕ್ಕಪಕ್ಕದವರು ಸಮಾಧಾನ ಹೇಳಬಹುದು. ಅದರಲ್ಲಿ ಅರ್ಧ ನಿಜವಿದೆ. ನರಕ್ಕೆ ರಕ್ತ ಒಯ್ಯುವ ಸಣ್ಣ ನಾಳ ಕಟ್ಟಿಕೊಂಡು ಬಂದದ್ದಾದರೆ ಸಾಮಾನ್ಯವಾಗಿ ಅಷ್ಟೇ ಅವಧಿಯಲ್ಲಿ ವಾಸಿಯಾಗುತ್ತದೆ. ಆದರೆ ತಲೆಯೊಳಗಿನ ಒತ್ತಡ ಏರಿದರೂ, ಗಡ್ಡೆ ಒತ್ತಿದರೂ ಮೊದಲ ದಿನ ಇದೇ ಬಸ್ಸು ಇದೇ ರೀತಿ ಎರಡಾಗಿ ಕಾಣಬಹುದು. ಶುಗರ್ ಇದೆ ಎಂಬುದು ಒಂದು ಸುಳಿವು, ರೋಗನಿರ್ಣಯವಲ್ಲ. ಹೊಸದಾಗಿ ಬಂದ ಜೋಡಿಗಣ್ಣಿನ ತೊಂದರೆಯನ್ನು ಅಂದೇ ವೈದ್ಯರಿಗೆ ತೋರಿಸಿ, ರಕ್ತದ ಸಕ್ಕರೆ, ಬಿಪಿ ನೋಡಿಸಬೇಕು. ಸ್ಕ್ಯಾನ್ ಬೇಕೇ ಎಂಬುದನ್ನು ಅವರೇ ಹೇಳಲಿ. ‘ಹೇಗೂ ವೈದ್ಯರೇ ನೋಡುವುದಾದರೆ ಈ ಅಂಗೈ ಪರೀಕ್ಷೆ ಏಕೆ?’ ಎಂದೂ ಕೇಳಬಹುದು. ಕನ್ನಡಕದಂಗಡಿಗೋ ಆಸ್ಪತ್ರೆಗೋ, ಇವತ್ತೋ ಮುಂದಿನ ವಾರವೋ ಎಂಬುದನ್ನು ವೈದ್ಯರನ್ನು ಕಾಣುವ ಮೊದಲೇ ತೀರ್ಮಾನಿಸುವವರು ನಾವು, ಅದಕ್ಕೆ.

ಕಾಯಬಾರದ ಸಂದರ್ಭಗಳು ಇವು. ಒಂದು ರೆಪ್ಪೆ ಜೋತುಬಿದ್ದು ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿದ್ದರೆ ಮಿದುಳಿನ ರಕ್ತನಾಳ ಉಬ್ಬಿ ಮೂರನೆಯ ನರವನ್ನು ಒತ್ತುತ್ತಿರಬಹುದು. ಅದು ಒಡೆದರೆ ಪ್ರಾಣಕ್ಕೇ ಸಂಚಕಾರ. ಹಿಂದೆಂದೂ ಬಾರದಂಥ ತಲೆನೋವು, ತೊದಲು ಮಾತು, ಕೈಕಾಲಿನ ಬಲಹೀನತೆ, ತೂರಾಡುವ ನಡಿಗೆ ಜೊತೆಗಿದ್ದರೂ ಹಾಗೆಯೇ. ವಯಸ್ಸಾದವರಿಗೆ ಕಣತಲೆ ನೋವು, ಅಗಿಯುವಾಗ ದವಡೆ ನೋವು ಇದ್ದರೆ ಅದೂ ತುರ್ತೇ, ತಡ ಮಾಡಿದರೆ ದೃಷ್ಟಿಯೇ ಹೋಗಬಹುದು. ಇಂಥವರು 108ಕ್ಕೆ ಕರೆ ಮಾಡಿ ನರರೋಗ ತಜ್ಞರಿರುವ ತುರ್ತು ವಿಭಾಗಕ್ಕೆ ಹೋಗಬೇಕು. ಮತ್ತಿಕೆರೆಯವರಿಗೆ ಪಕ್ಕದಲ್ಲೇ ಎಂ.ಎಸ್. ರಾಮಯ್ಯ ಆಸ್ಪತ್ರೆಯಿದೆ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಒಂಟಿಗಣ್ಣಿನ ಬಗೆಗೆ ಚಾಮರಾಜಪೇಟೆಯ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆ ಸಾಕು.

ಅಲ್ಲಿಯವರೆಗೆ ಗಾಡಿ ಓಡಿಸಬೇಡಿ. ಜೋಡಿಗಣ್ಣಿನ ಬಗೆಯಾದರೆ ಕನ್ನಡಕದ ಒಂದು ಗಾಜಿಗೆ ಅರೆಪಾರದರ್ಶಕ ಟೇಪ್ ಅಂಟಿಸಿಕೊಂಡರೆ ಮನೆಯೊಳಗೆ ಓಡಾಡಬಹುದು. ಎರಡು ಚಿತ್ರಗಳನ್ನು ಕೂಡಿಸುವ ಪ್ರಿಸಂ ಕನ್ನಡಕದ ಮಾತು ಕಾರಣ ತಿಳಿದ ಮೇಲೆ.