ಇ-ಮೇಲ್ ಮೂಲಕ ಕೆಲಸ ವಹಿಸುವ ಕ್ರಮ: ಟ್ಯಾಂಕ್ ಸ್ವಚ್ಛತೆಯ ಒಂದು ಉದಾಹರಣೆ

ಮಳೆಗಾಲಕ್ಕೆ ಮುನ್ನ ಕುಡಿಯುವ ನೀರಿನ ಓವರ್‌ಹೆಡ್ ಟ್ಯಾಂಕ್‌ಗಳನ್ನು ತೊಳೆಸಬೇಕೆಂದು ಸಭೆಯಲ್ಲಿ ನಿರ್ಣಯವಾಗುತ್ತದೆ. ಮರುದಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ ಕಾರ್ಯದರ್ಶಿ, ಕರವಸೂಲಿಗಾರ ಹಾಗೂ ಡೇಟಾ ಎಂಟ್ರಿ ಆಪರೇಟರ್ ಮೂವರಿಗೂ ಒಂದೇ ಇ-ಮೇಲ್ ಹೋಗುತ್ತದೆ: "ಸದರಿ ವಿಷಯದಲ್ಲಿ ಶೀಘ್ರವಾಗಿ ಸೂಕ್ತ ಕ್ರಮ ಕೈಗೊಳ್ಳುವುದು." ಉಳಿದಿಬ್ಬರಲ್ಲಿ ಯಾರಾದರೂ ಮಾಡುತ್ತಾರೆಂದು ಪ್ರತಿಯೊಬ್ಬರೂ ಭಾವಿಸುತ್ತಾರೆ. ಮುಂದಿನ ಸಭೆಯ ಹೊತ್ತಿಗೆ ಕಡತದಲ್ಲಿ ಪತ್ರವೂ ಟ್ಯಾಂಕಿನಲ್ಲಿ ಕೆಸರೂ ಹಾಗೆಯೇ ಇರುತ್ತವೆ.

ಆರು ಟ್ಯಾಂಕ್‌ಗಳಿರುವ ಪಂಚಾಯಿತಿಯೊಂದರಲ್ಲಿ ಅದೇ ಇ-ಮೇಲ್ ಹೀಗಿರಬಹುದು:

"ಮಾನ್ಯ ಕಾರ್ಯದರ್ಶಿಯವರೇ, ಆರೂ ಟ್ಯಾಂಕ್‌ಗಳ ಸ್ವಚ್ಛತೆಯ ಹೊಣೆಯನ್ನು ತಮಗೆ ವಹಿಸಲಾಗಿದೆ. ತೊಳೆದು ನೀರು ಬಿಟ್ಟ ಬಳಿಕ ಪ್ರತಿ ಟ್ಯಾಂಕಿನ ಕೊನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ ಇರಬಾರದು. ಕೆಲಸವು ಮೇ 30ರ ಸಂಜೆ 4 ಗಂಟೆಯೊಳಗೆ ಮುಗಿಯಬೇಕು. ನೀರುಗಂಟಿಗಳ ಸರದಿ, ನೀರು ನಿಲ್ಲಿಸುವ ದಿನ, ದಾಸ್ತಾನಿನಿಂದ ಪಡೆಯುವ ಬ್ಲೀಚಿಂಗ್ ಪುಡಿ ಇವುಗಳನ್ನು ತಾವೇ ತೀರ್ಮಾನಿಸಬಹುದು. ಹೊಸ ಖರೀದಿಗೆ ಮೊದಲು ಅನುಮತಿ ಪಡೆಯತಕ್ಕದ್ದು. ಮೊದಲ ಟ್ಯಾಂಕ್ ಮುಗಿದ ದಿನ ಹಾಗೂ ಮೇ 24ರಂದು ಅಳತೆಗಳೊಂದಿಗೆ ವರದಿ ನೀಡಿ."

ಇಲ್ಲಿ ಹೆಸರು ಒಬ್ಬರದೇ. ಗುರಿಯನ್ನು ಕೊನೆಯ ನಲ್ಲಿಯಲ್ಲಿ ಇಟ್ಟಿರುವುದಕ್ಕೂ ಕಾರಣವಿದೆ. ಕ್ಲೋರಿನ್ ಕೊಳವೆಯುದ್ದಕ್ಕೂ ಕರಗುತ್ತಾ ಹೋಗುವುದರಿಂದ, ಟ್ಯಾಂಕಿನಲ್ಲಿ ಸರಿಯಿದ್ದ ಅಳತೆ ಊರಂಚಿನಲ್ಲಿ ಶೂನ್ಯವಾಗಿರಬಹುದು. "ತೊಳೆಯಲಾಗಿದೆ" ಎಂಬ ಛಾಯಾಚಿತ್ರ ಅದನ್ನು ತೋರಿಸದು.

ಸಾಮಾನ್ಯವಾಗಿ ಬಿಟ್ಟುಹೋಗುವುದು ಅಧಿಕಾರದ ಭಾಗ. ಹೊಣೆ ಕೊಟ್ಟು ಅಧಿಕಾರ ಕೊಡದಿದ್ದರೆ ಕಾರ್ಯದರ್ಶಿಯು ಪ್ರತಿಯೊಂದಕ್ಕೂ ದೂರವಾಣಿ ಮಾಡಬೇಕಾಗುತ್ತದೆ. ನೀರುಗಂಟಿಗಳು ಇ-ಮೇಲ್ ನೋಡುವವರಲ್ಲ. ಆದ್ದರಿಂದ ಈ ಅವಧಿಯಲ್ಲಿ ಕಾರ್ಯದರ್ಶಿಯ ಮಾತನ್ನು ಪಾಲಿಸಬೇಕೆಂದು ಅವರನ್ನು ಕರೆದು ತಿಳಿಸತಕ್ಕದ್ದು. ಆದರೆ ಹಣ ಪಾವತಿಯ ಅಧಿಕಾರ ಇ-ಮೇಲ್‌ನಿಂದ ವರ್ಗವಾಗುವುದಿಲ್ಲ. ಅಧ್ಯಕ್ಷರ ಅಥವಾ ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿಯ ಕೀಯನ್ನು "ಕೆಲಸ ಸುಲಭವಾಗಲಿ" ಎಂದು ಬೇರೊಬ್ಬರ ಕೈಗಿಡುವುದು ಕೆಲಸ ವಹಿಸುವ ಕ್ರಮವೇ ಅಲ್ಲ.

ಮೊದಲ ವರದಿಯನ್ನು ಮೊದಲ ಟ್ಯಾಂಕಿಗೇ ಕೇಳಿರುವುದು, ತಪ್ಪು ಒಂದೇ ಟ್ಯಾಂಕಿನಲ್ಲಿ ನಿಲ್ಲಲಿ ಎಂದು. ಅಳತೆ 0.1 ಬಂದಿತೆನ್ನಿ. ಬಾಯಿ ತೆರೆದಿಟ್ಟ ಚೀಲದ ಪುಡಿ ಸತ್ವ ಕಳೆದುಕೊಂಡಿರಬಹುದು, ಇಲ್ಲವೇ ಕೊಳವೆ ಒಡೆದು ಕೊಳೆನೀರು ಸೇರುತ್ತಿರಬಹುದು. ಪುಡಿಯಾದರೆ ಖರೀದಿಗೆ ಅನುಮತಿ ಬೇಕು, ಕೊಳವೆಯಾದರೆ ದುರಸ್ತಿ ಬೇಕು. ಎರಡಕ್ಕೂ ದಿನಗಳು ಉಳಿದಿರುತ್ತವೆ. ಮೇ 24ರ ವರದಿಯಲ್ಲಿ ಮೂರು ಟ್ಯಾಂಕ್‌ಗಳಾದರೂ ಮುಗಿದಿರದಿದ್ದರೆ, ಉಳಿದ ಆರು ದಿನಗಳಿಗೆ ಆಳು ಹೆಚ್ಚಿಸಬೇಕೇ ಎಂಬುದನ್ನು ಅಂದೇ ನಿರ್ಧರಿಸಬೇಕು. ಈ ಎರಡು ದಿನಗಳ ನಡುವೆ ನಿತ್ಯ ವಿಚಾರಿಸುವುದು ಕೊಟ್ಟ ಅಧಿಕಾರವನ್ನು ಹಿಂಪಡೆದಂತೆಯೇ ಸರಿ.

ಇ-ಮೇಲ್‌ಗೆ "ಸ್ವೀಕರಿಸಲಾಗಿದೆ" ಎಂಬ ಒಂದು ಪದದ ಉತ್ತರ ಸಾಲದು. ಯಾವ ಟ್ಯಾಂಕ್ ಯಾವ ದಿನ ಎಂಬ ಪಟ್ಟಿಯನ್ನು ಕಾರ್ಯದರ್ಶಿಯೇ ಬರೆದು ಕಳುಹಿಸಿದಾಗ, ಎರಡು ಟ್ಯಾಂಕ್‌ಗಳನ್ನು ಜಾತ್ರೆಯ ದಿನಕ್ಕೆ ಇಟ್ಟಿರುವುದು ಆಗಲೇ ಕಾಣುತ್ತದೆ. ಆ ಪಟ್ಟಿಯ ಪ್ರತಿಯನ್ನು ಪಂಚಾಯಿತಿ ಸದಸ್ಯರಿಗೂ ನೀಡಿದಲ್ಲಿ, ತಮ್ಮ ವಾರ್ಡಿನ ಕೊನೆಯ ನಲ್ಲಿಯ ಅಳತೆಯ ವೇಳೆ ಅವರು ಹಾಜರಿರಬಹುದು.