ಬೆಳಗುವ ಡಯೋಡು, ಬೆಳಗದ ಡಯೋಡು

ರೇಡಿಯೋ ಭಾಗಗಳ ಅಂಗಡಿಯಲ್ಲಿ ಸಿಲಿಕಾನ್ ಡಯೋಡೂ ಎಲ್.ಇ.ಡಿ. ಎಂಬ ಬೆಳಕಿನ ಡಯೋಡೂ ಅಕ್ಕಪಕ್ಕದಲ್ಲಿಯೇ ದೊರೆಯುತ್ತವೆ. ಎರಡೂ ಅರೆವಾಹಕದ ತುಣುಕುಗಳೇ. ಎರಡರ ರಚನೆಯ ತತ್ತ್ವವೂ ಒಂದೇ. ಆದರೆ ವಿದ್ಯುತ್ತನ್ನು ಹರಿಸಿದಾಗ ಒಂದು ಕೇವಲ ಬೆಚ್ಚಗಾಗುತ್ತದೆ, ಮತ್ತೊಂದು ಬೆಳಗುತ್ತದೆ. ಈ ಭೇದದ ಕಾರಣವನ್ನು ವಿಚಾರಿಸೋಣ.

ಸ್ಫಟಿಕದೊಳಗೆ ಎಲೆಕ್ಟ್ರಾನುಗಳು ಮನಬಂದಷ್ಟು ಶಕ್ತಿಯನ್ನು ತಳೆಯಲಾರವು. ಅವುಗಳಿಗೆ ಎರಡು ಶಕ್ತಿಪಟ್ಟಿಗಳು ವಿಧಿಸಲ್ಪಟ್ಟಿವೆ. ಕೆಳಗಿನದು ವೇಲೆನ್ಸ್ ಪಟ್ಟಿ, ಮೇಲಿನದು ವಾಹಕ ಪಟ್ಟಿ. ಇವೆರಡರ ನಡುವಣ ಬರಿದಾದ ಎಡೆಯನ್ನು ಶಕ್ತಿ ಅಂತರವೆನ್ನುತ್ತೇವೆ. ಡಯೋಡಿನ ಒಂದು ಪಾರ್ಶ್ವದಲ್ಲಿ ಮೇಲಿನ ಪಟ್ಟಿಯ ಎಲೆಕ್ಟ್ರಾನುಗಳು ಹೇರಳವಾಗಿರುತ್ತವೆ. ಇನ್ನೊಂದು ಪಾರ್ಶ್ವದಲ್ಲಿ ಕೆಳಗಿನ ಪಟ್ಟಿಯ ಖಾಲಿ ಸ್ಥಾನಗಳು, ಅಂದರೆ ರಂಧ್ರಗಳು, ಹೇರಳವಾಗಿರುತ್ತವೆ. ಬ್ಯಾಟರಿಯು ಇವೆರಡನ್ನೂ ಸಂಧಿಯೆಡೆಗೆ ತಳ್ಳುತ್ತದೆ. ಅಲ್ಲಿ ಎಲೆಕ್ಟ್ರಾನು ರಂಧ್ರದೊಳಕ್ಕೆ ಇಳಿದಾಗ ಅಂತರದಷ್ಟು ಶಕ್ತಿ ಹೊರಬೀಳಬೇಕು. ಅದು ಬೆಳಕಿನ ಕಣವಾಗಿ, ಎಂದರೆ ಫೋಟಾನಾಗಿ, ಹೊರಟರೆ ಡಯೋಡು ಬೆಳಗುತ್ತದೆ.

ಬಣ್ಣವನ್ನು ನಿರ್ಣಯಿಸುವುದು ಈ ಅಂತರವೇ ಹೊರತು ಮೇಲಿನ ಪ್ಲಾಸ್ಟಿಕ್ ಹೊದಿಕೆಯಲ್ಲ. 1240ನ್ನು ಎಲೆಕ್ಟ್ರಾನ್ ವೋಲ್ಟುಗಳಲ್ಲಿ ಅಳೆದ ಅಂತರದಿಂದ ಭಾಗಿಸಿದರೆ ಬೆಳಕಿನ ಅಲೆಯುದ್ದವು ನ್ಯಾನೋಮೀಟರುಗಳಲ್ಲಿ ಸಿಗುತ್ತದೆ. ಗ್ಯಾಲಿಯಂ ಆರ್ಸೆನೈಡಿನ ಅಂತರ 1.42, ಅಲೆಯುದ್ದ ಸುಮಾರು 873. ಇದು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಗ್ಯಾಲಿಯಂ ಫಾಸ್ಫೈಡಿನ ಅಂತರ 2.26, ಅಲೆಯುದ್ದ ಸುಮಾರು 549, ಎಂದರೆ ಹಸಿರು. ಹಾಗಾದರೆ ಹಸಿರು ದೀಪಕ್ಕೆ ಶುದ್ಧ ಗ್ಯಾಲಿಯಂ ಫಾಸ್ಫೈಡೇ ಸಾಲದೇ? ಸಾಲದು. ಅಂತರವು ಸರಿಯಾಗಿದ್ದರೂ ಅದು ಬಹು ಮಂದವಾಗಿ ಬೆಳಗುತ್ತದೆ.

ಏಕೆಂದರೆ ಎಲೆಕ್ಟ್ರಾನು ಇಳಿಯುವಾಗ ಶಕ್ತಿಯ ಲೆಕ್ಕವಷ್ಟೇ ಅಲ್ಲ, ಸಂವೇಗದ ಲೆಕ್ಕವೂ ಸರಿದೂಗಬೇಕು. ಗ್ಯಾಲಿಯಂ ಆರ್ಸೆನೈಡಿನಲ್ಲಿ ವಾಹಕ ಪಟ್ಟಿಯ ತಳವೂ ವೇಲೆನ್ಸ್ ಪಟ್ಟಿಯ ತುದಿಯೂ ಒಂದೇ ಸಂವೇಗದಲ್ಲಿವೆ. ಎಲೆಕ್ಟ್ರಾನು ನೆಟ್ಟಗೆ ಕೆಳಗಿಳಿಯಬಹುದು. ಇದು ನೇರ ಅಂತರ. ಗ್ಯಾಲಿಯಂ ಫಾಸ್ಫೈಡಿನಲ್ಲಾದರೋ ತಳವು ಪಕ್ಕಕ್ಕೆ ಸರಿದಿದೆ. ಇದು ಪರೋಕ್ಷ ಅಂತರ. ಎಷ್ಟು ಸರಿದಿದೆಯೆಂಬುದನ್ನು ಲೆಕ್ಕ ಹಾಕೋಣ. ಅಲ್ಲಿ ಎಲೆಕ್ಟ್ರಾನಿನ ಸಂವೇಗವು ಪ್ಲ್ಯಾಂಕ್ ಸ್ಥಿರಾಂಕವನ್ನು ಸ್ಫಟಿಕ ಜಾಲಕದ ಅಳತೆಯಾದ 0.545 ನ್ಯಾನೋಮೀಟರಿನಿಂದ ಭಾಗಿಸಿದಷ್ಟಿದೆ. ಫೋಟಾನಿನ ಸಂವೇಗವೋ ಅದೇ ಸ್ಥಿರಾಂಕವನ್ನು 549 ನ್ಯಾನೋಮೀಟರಿನಿಂದ ಭಾಗಿಸಿದಷ್ಟು ಮಾತ್ರ. ಎಲೆಕ್ಟ್ರಾನು ಕಳೆದುಕೊಳ್ಳಬೇಕಾದುದರ ಸಾವಿರದಲ್ಲೊಂದು ಪಾಲನ್ನೂ ಫೋಟಾನು ಹೊತ್ತೊಯ್ಯಲಾರದು. ಉಳಿದ ಹೊರೆಯನ್ನು ಅದೇ ಕ್ಷಣದಲ್ಲಿ ಜಾಲಕದ ಕಂಪನವು ಹೊರಬೇಕು. ಇಂಥ ಮೂವರ ಕೂಟ ಒದಗುವುದು ವಿರಳ. ಅದಕ್ಕಾಗಿ ಎಲೆಕ್ಟ್ರಾನು ಕಾದಿರುವಷ್ಟರಲ್ಲಿ ಸ್ಫಟಿಕದ ಯಾವುದಾದರೊಂದು ದೋಷವು ಅದನ್ನು ಸೆಳೆದುಕೊಂಡು, ಶಕ್ತಿಯನ್ನು ಶಾಖವಾಗಿ ವ್ಯಯಿಸಿಬಿಡುತ್ತದೆ. ಸಿಲಿಕಾನಿನ ಅಂತರವೂ ಪರೋಕ್ಷವಾದುದೇ. ಅದರಿಂದ ಹೊರಡಬಹುದಾದ ಅವಕೆಂಪು ಕಿರಣ ಸಹ ಅತ್ಯಲ್ಪವೆಂಬುದಕ್ಕೆ ಇದೇ ಕಾರಣ.

ಹೀಗೆ ಗ್ಯಾಲಿಯಂ ಆರ್ಸೆನೈಡು ಚೆನ್ನಾಗಿ ಬೆಳಗಿದರೂ ಕಾಣದು. ಫಾಸ್ಫೈಡು ತಕ್ಕ ಬಣ್ಣದ್ದಾದರೂ ಬೆಳಗದು. 1962ರಲ್ಲಿ ಅಮೆರಿಕದ ನಿಕ್ ಹೋಲೋನ್ಯಾಕ್ ಎರಡನ್ನೂ ಬೆರೆಸಿದ ಸ್ಫಟಿಕದಿಂದ ಕೆಂಪು ಬೆಳಕನ್ನು ಪಡೆದರು. ಆರ್ಸೆನಿಕ್ಕಿನ ಪರಮಾಣುಗಳಲ್ಲಿ ನೂರಕ್ಕೆ 40ರ ಸ್ಥಾನದಲ್ಲಿ ಫಾಸ್ಫರಸ್ಸನ್ನು ಇರಿಸಿದರೆ ಅಂತರವು ಸುಮಾರು 1.91ಕ್ಕೆ ಏರುತ್ತದೆ; ಅಲೆಯುದ್ದ ಸುಮಾರು 650, ಒಳ್ಳೆಯ ಕೆಂಪು. ಫಾಸ್ಫರಸ್ಸನ್ನು ಮತ್ತಷ್ಟು ಹೆಚ್ಚಿಸಿ ಹಸಿರಿನತ್ತ ಸಾಗೋಣವೆಂದರೆ, ನೂರಕ್ಕೆ ಸುಮಾರು 45ರ ಬಳಿ ಅಂತರವು ಪರೋಕ್ಷವಾಗಿ ಮಾರ್ಪಟ್ಟು ಬೆಳಕು ಕುಗ್ಗುತ್ತದೆ. ಇದಕ್ಕೊಂದು ಉಪಾಯವಿತ್ತು. ಫಾಸ್ಫೈಡಿಗೆ ಕಿಂಚಿತ್ ನೈಟ್ರೊಜನ್ ಸೇರಿಸಿದರೆ ಅದರ ಪರಮಾಣುವು ಎಲೆಕ್ಟ್ರಾನನ್ನು ಒಂದೆಡೆ ಹಿಡಿದಿಡುತ್ತದೆ. ಸ್ಥಾನವು ನಿಶ್ಚಿತವಾದಷ್ಟೂ ಸಂವೇಗವು ಹರಡುವುದರಿಂದ ನೇರವಾಗಿ ಇಳಿಯಲು ಕೊಂಚ ಆಸ್ಪದ ದೊರೆಯುತ್ತದೆ. ಹಳದಿಮಿಶ್ರಿತ ಹಸಿರು ದೀಪಗಳು ಹೀಗೆ ಬಂದವು. ಆದರೂ ಅವು ಸಾಧಾರಣ ಪ್ರಕಾಶದವು.

ಪ್ರಖರವಾದ ನೀಲಿಗೆ ನೇರ ಅಂತರವೇ ಉಳ್ಳ ಬೇರೊಂದು ವಸ್ತು ಬೇಕಾಯಿತು. ಗ್ಯಾಲಿಯಂ ನೈಟ್ರೈಡಿನ ಅಂತರ 3.4, ಇದು ಅತಿನೇರಳೆಯ ವಲಯ. ಅದಕ್ಕೆ ಇಂಡಿಯಂ ಬೆರೆಸಿ ಅಂತರವನ್ನು 2.75ರಷ್ಟಕ್ಕೆ ತಗ್ಗಿಸಿದರೆ 450ರ ಸುಮಾರಿನ ನೀಲಿ ಬೆಳಕು ಬರುತ್ತದೆ. ಈ ಸ್ಫಟಿಕಗಳನ್ನು ಸಾಧಿಸಿದ ಅಕಾಸಾಕಿ, ಅಮಾನೋ, ನಾಕಾಮುರ ಅವರಿಗೆ 2014ರ ನೊಬೆಲ್ ಪಾರಿತೋಷಕ ಸಂದಿತು.

ಅಂತರದ ಪ್ರಭಾವವನ್ನು ವಿದ್ಯಾರ್ಥಿಗಳೇ ಪರೀಕ್ಷಿಸಬಹುದು. ಕೆಂಪು ಎಲ್.ಇ.ಡಿ.ಗೆ 100 ಓಮಿನ ರೋಧಕವನ್ನು ಸರಣಿಯಲ್ಲಿ ಜೋಡಿಸಿರಿ. 1.5 ವೋಲ್ಟಿನ ಒಂದೇ ಶುಷ್ಕಕೋಶದಿಂದ ಅದು ಸರಿಯಾಗಿ ಬೆಳಗದು. ಎರಡನ್ನು ಸಾಲಾಗಿ ಸೇರಿಸಿದರೆ ಬೆಳಗುತ್ತದೆ. 1.5 ವೋಲ್ಟಿನ ಒತ್ತಡವು ಎಲೆಕ್ಟ್ರಾನಿಗೆ ಕೊಡುವುದು 1.5 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಕೆಂಪು ಫೋಟಾನಿಗೆ ಬೇಕಾದುದು 1.9ರಷ್ಟು. ಅದೇ ಎರಡು ಕೋಶಗಳಿಗೆ ನೀಲಿ ದೀಪವನ್ನು ಜೋಡಿಸಿದರೆ ಅದು ಮಂಕಾಗಿರುವುದೇಕೆಂಬುದನ್ನು ವಾಚಕರು ಈಗ ತಾವೇ ಹೇಳಬಲ್ಲರು.