ವಕೀಲರನ್ನು ಕರೆಯುವ ಪತ್ರ ಹೀಗಿರಲಿ

ಕಾನೂನು ಕಾಲೇಜಿನ ಮಕ್ಕಳೇ, ಹಿರಿಯ ವಕೀಲರನ್ನು ಉಪನ್ಯಾಸಕ್ಕೆ ಕರೆಯಲು ನೀವು ಬರೆಯುವ ಪತ್ರದಲ್ಲಿ ಮುಕ್ಕಾಲು ಪಾಲು ಹೊಗಳಿಕೆಯೇ. ‘ಅಮೂಲ್ಯ ಸಮಯ’, ‘ಅಪಾರ ಪಾಂಡಿತ್ಯ’ ಎಲ್ಲ ಮುಗಿದ ಮೇಲೆ, ‘ಕಾನೂನಿನ ಬಗ್ಗೆ ಎರಡು ಮಾತಾಡಬೇಕು’ ಅಂತ ಒಂದು ಸಾಲು. ಅತಿ ವಿನಯಂ ಧೂರ್ತ ಲಕ್ಷಣಂ ಅಂತ ಸುಮ್ಮನೆ ಹೇಳಿಲ್ಲ. ಜೀವಮಾನವೆಲ್ಲ ಕೋರ್ಟಿನಲ್ಲಿ ನಿಂತವರು ಯಾವ ಎರಡು ಮಾತಾಡಬೇಕು, ನೀವೇ ಹೇಳಿ?

ಮೊದಲು ವಿಷಯ ಗಟ್ಟಿ ಮಾಡಿಕೊಳ್ಳಿ. ಉದಾಹರಣೆಗೆ, ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಂದು ಜಾರಿಗೆ ಬಂತು. ಹಳೆಯ ಕಾಯ್ದೆಯ 65ಬಿ ಇದ್ದ ಜಾಗದಲ್ಲಿ ಈಗ 63ನೇ ಕಲಂ ಇದೆ. ಅಷ್ಟನ್ನು ಪುಸ್ತಕವೇ ಹೇಳುತ್ತದೆ. ಪುಸ್ತಕ ಹೇಳದ್ದನ್ನು ಅವರಿಂದ ಕೇಳಿ. ಹೀಗೆ ಬರೆಯಿರಿ: ‘ವಾಟ್ಸಾಪ್ ಸಂದೇಶದ ಪ್ರಿಂಟ್ ಹಾಜರುಪಡಿಸುವಾಗ 63ನೇ ಕಲಮಿನ ಪ್ರಮಾಣಪತ್ರ ಹೇಗಿರಬೇಕು, ಪಾಟಿ ಸವಾಲಿನಲ್ಲಿ ಅದು ಎಲ್ಲಿ ಎಡವುತ್ತದೆ ಎಂಬುದನ್ನು ತಮ್ಮ ಅನುಭವದಿಂದ ತಿಳಿಸಿಕೊಡಬೇಕು. ಕೇಳುವವರು ಅಂತಿಮ ವರ್ಷದ ಅರವತ್ತು ವಿದ್ಯಾರ್ಥಿಗಳು. ಕಲಂ ಓದಿದ್ದಾರೆ, ವಿಚಾರಣೆ ನೋಡಿಲ್ಲ. ನಲವತ್ತು ನಿಮಿಷ ಮಾತು, ಇಪ್ಪತ್ತು ನಿಮಿಷ ಪ್ರಶ್ನೆ, ಕನ್ನಡದಲ್ಲಿ.’ ಇಷ್ಟು ಓದಿದರೆ ಯಾವ ಫೈಲು ತೆಗೆದು ನೋಡಬೇಕೆಂದು ಅವರಿಗೆ ಅಲ್ಲೇ ಹೊಳೆಯುತ್ತದೆ.

ದಿನಾಂಕದ ವಿಚಾರಕ್ಕೆ ಬನ್ನಿ. ವಾರದ ನಡುವೆ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಅವರ ಕೇಸನ್ನು ಯಾರು ನಡೆಸಬೇಕು? ಎರಡನೇ ಶನಿವಾರ ಕೋರ್ಟಿಗೆ ರಜೆ ಅಂತ ಹಿಗ್ಗಬೇಡಿ. ರಾಷ್ಟ್ರೀಯ ಲೋಕ ಅದಾಲತ್ ಎಷ್ಟೋ ಸಲ ಅದೇ ದಿನ ಇರುತ್ತದೆ. ವಿಚಾರಿಸಿಕೊಂಡು, ಎರಡು ದಿನಾಂಕ ಕೊಟ್ಟು, ಒಂದನ್ನು ಆರಿಸಲು ಕೇಳಿ. ತಿಂಗಳ ಮುಂಚೆಯೇ ಪತ್ರ ಕೊಡಿ. ಕಾರ್ಯಕ್ರಮಕ್ಕೆ ಮೂರು ದಿನ ಇರುವಾಗ ಓಡಿಹೋಗುವುದೆಂದರೆ ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಇನ್ನು ನೀವು ಯೋಚಿಸದೇ ಬಿಡುವ ಒಂದು ಮಾತು. ವಕೀಲರು ತಮ್ಮ ಜಾಹೀರಾತು ಮಾಡಿಕೊಳ್ಳುವಂತಿಲ್ಲ; ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಅದನ್ನು ತಡೆಯುತ್ತದೆ. ನೀವೋ ಬ್ಯಾನರಿನಲ್ಲಿ ದೊಡ್ಡ ಫೋಟೊ ಹಾಕಿ, ‘ಇಂಥ ಕೇಸು ಗೆದ್ದ ಧೀಮಂತ’ ಅಂತ ಬರೆಸಿ ಊರೆಲ್ಲ ಕಟ್ಟುತ್ತೀರಿ. ನಿಮ್ಮ ಅಭಿಮಾನ ದೊಡ್ಡದೇ, ಆದರೆ ಮುಜುಗರ ಅವರಿಗೆ. ಹೆಸರು, ಊರು, ವಿಷಯ ಸಾಕು. ಆಹ್ವಾನ ಪತ್ರಿಕೆಯ ಕರಡನ್ನು ಪತ್ರದ ಜೊತೆಗಿಟ್ಟು ಒಪ್ಪಿಗೆ ಕೇಳಿ. ನಡೆಯುತ್ತಿರುವ ಕೇಸಿನ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ ಎಂದೂ ಒಂದು ಸಾಲು ಸೇರಿಸಿ.

ಕೊನೆಯಲ್ಲಿ ಪ್ರಾಂಶುಪಾಲರ ಸಹಿ, ಒಬ್ಬರದ್ದೇ ಫೋನ್ ನಂಬರ್, ಕಾರು ಎಷ್ಟು ಗಂಟೆಗೆ ಎಲ್ಲಿಗೆ ಬರುತ್ತದೆ ಎಂಬ ವಿವರ ಇರಲಿ. ಐದು ಜನ ಐದು ಸಲ ಫೋನ್ ಮಾಡಬೇಡಿ. ಪತ್ರವನ್ನು ಸಂಜೆ ಆಫೀಸಿಗೆ ಹೋಗಿ ಕೈಯಲ್ಲೇ ಕೊಡಿ. ಕೋರ್ಟಿನ ಕಾರಿಡಾರಿನಲ್ಲಿ ಕಕ್ಷಿದಾರರ ನಡುವೆ ಹಿಡಿದು ನಿಲ್ಲಿಸಬೇಡಿ.